ವಾಯಿದೆ ದಾಟಿದ ಐದನೇ ದಿನದ ಪತ್ರ

ಪೀಣ್ಯದಲ್ಲಿ ಏರ್ ಕಂಪ್ರೆಸರ್ ರಿಪೇರಿ ಮಾಡುವ ಒಂದು ಸಣ್ಣ ಘಟಕವಿದೆ ಎಂದುಕೊಳ್ಳೋಣ. ಮಾಲೀಕರೂ ಸೇರಿ ಐದಾರು ಜನ. ಹೆಸರು ಬೇಡ, ಅಲ್ಲಿ ಇಂಥವು ಬೀದಿಗೆ ನಾಲ್ಕು ಸಿಗುತ್ತವೆ. 2024ರ ಆಗಸ್ಟ್ 1 ಮತ್ತು 2ರಂದು ಇವರು ಜಿಗಣಿಯ ಒಂದು ಕಾರ್ಖಾನೆಗೆ ಹೋಗಿ ಎರಡು ಕಂಪ್ರೆಸರ್ ಬಿಚ್ಚಿ, ಆಯಿಲ್, ಫಿಲ್ಟರ್, ಸೆಪರೇಟರ್ ಎಲ್ಲ ಬದಲಿಸಿ, ಮತ್ತೆ ಓಡಿಸಿ ತೋರಿಸಿ ಬಂದರು. 5ನೇ ತಾರೀಖು ಸೋಮವಾರ ಬಿಲ್ ಕಳಿಸಿದರು. ಕೆಲಸಕ್ಕೆ ₹1,00,000, ಶೇ 18ರಂತೆ ಜಿಎಸ್‌ಟಿ ₹18,000, ಒಟ್ಟು ₹1,18,000. ಪರ್ಚೇಸ್ ಆರ್ಡರಿನಲ್ಲಿ ‘ಬಿಲ್ ದಿನಾಂಕದಿಂದ 30 ದಿನ’ ಎಂದಿದೆ. ಲೆಕ್ಕ ಹಾಕಿದರೆ ಸೆಪ್ಟೆಂಬರ್ 4, ಬುಧವಾರ ವಾಯಿದೆ.

ಬುಧವಾರ ಹಣ ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಗೌರಿ ಹಬ್ಬ, ಶನಿವಾರ ಗಣೇಶ ಚೌತಿ, ಮರುದಿನ ಭಾನುವಾರ. 9ರ ಸೋಮವಾರ ಬೆಳಿಗ್ಗೆ ಮಾಲೀಕರು ಬ್ಯಾಂಕಿನ ಆ್ಯಪ್ ತೆರೆದರೆ ಜಮಾ ಕಾಲಂ ಹಾಗೇ ಖಾಲಿ. ವಾಯಿದೆ ದಾಟಿ ಐದು ದಿನ. ಈಗ ಕೇಳಬೇಕು, ಆದರೆ ಕೇಳುವುದು ಹೇಗೆ ಎಂಬ ಮುಜುಗರ. ಮುಂದಿನ ಆರು ತಿಂಗಳಿಗೆ ಮತ್ತೆ ಸರ್ವಿಸ್ ಆರ್ಡರ್ ಬರಬೇಕಾದದ್ದು ಅದೇ ಕಾರ್ಖಾನೆಯಿಂದ.

ಹೆಚ್ಚಿನವರು ಇಂಥ ಹೊತ್ತಿನಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಇನ್ನೊಂದು ವಾರ ನೋಡೋಣ ಎಂದು ಸುಮ್ಮನಾಗುತ್ತಾರೆ. ಇಲ್ಲವೇ ಆರ್ಡರ್ ಕೊಟ್ಟ ಪರ್ಚೇಸ್ ವಿಭಾಗದವರಿಗೆ ‘ಸರ್, ಪೇಮೆಂಟ್ ಏನಾಯ್ತು’ ಎಂದು ವಾಟ್ಸ್‌ಆ್ಯಪ್ ಹಾಕುತ್ತಾರೆ. ಅತ್ತಲಿಂದ ಕೈಮುಗಿದ ಒಂದು ಚಿತ್ರ ಬರುತ್ತದೆ, ಅಥವಾ ‘ಚೆಕ್ ಮಾಡಿ ಹೇಳ್ತೀನಿ’ ಎಂಬ ಸಾಲು. ಬಿಲ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾದರೆ ಅದು ಇರುವುದೆಲ್ಲಿ?

ಕಾರ್ಖಾನೆಗೆ ಹೋದ ಬಿಲ್ ನೇರವಾಗಿ ಹಣ ಕೊಡುವವರ ಮೇಜಿಗೆ ಹೋಗುವುದಿಲ್ಲ. ಸಾಮಾನು ಕೊಟ್ಟಿದ್ದರೆ ಸ್ಟೋರ್ಸ್‌ನವರು ಎಣಿಸಿ, ನೋಡಿ, ಬಂದಿದೆ ಎಂದು ಜಿಆರ್‌ಎನ್ ಹಾಕಬೇಕು. ಕೆಲಸ ಮಾಡಿಕೊಟ್ಟಿದ್ದರೆ ಆ ವಿಭಾಗದ ಎಂಜಿನಿಯರ್ ಸರ್ವಿಸ್ ರಿಪೋರ್ಟಿಗೆ ಸಹಿ ಮಾಡಿ, ಕಂಪ್ಯೂಟರಿನಲ್ಲಿ ‘ಸರ್ವಿಸ್ ಎಂಟ್ರಿ’ ಮಾಡಬೇಕು. ಆಮೇಲೆ ಅಕೌಂಟ್ಸ್‌ನವರು ಆರ್ಡರ್, ಎಂಟ್ರಿ, ಬಿಲ್ ಮೂರನ್ನೂ ತಾಳೆ ನೋಡಿ ಬಿಲ್ ‘ಬುಕ್’ ಮಾಡುತ್ತಾರೆ. ಬುಕ್ ಆದ ಬಿಲ್ಲುಗಳಲ್ಲಿ ವಾಯಿದೆ ಬಂದವನ್ನು ವಾರಕ್ಕೊಂದು ದಿನವೋ ತಿಂಗಳಿಗೆ ಎರಡು ದಿನವೋ ಒಟ್ಟಿಗೆ ತೆಗೆದು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ಒಬ್ಬರು ಬ್ಯಾಂಕಿಗೆ ಏರಿಸಿದರೆ ಇನ್ನೊಬ್ಬರು ಒಪ್ಪಿಗೆ ಕೊಡಬೇಕು. 2019ರ ಡಿಸೆಂಬರಿನಿಂದ ಎನ್‌ಇಎಫ್‌ಟಿ ಹಬ್ಬ, ಭಾನುವಾರ ಎನ್ನದೆ ಹಗಲೂ ರಾತ್ರಿ ನಡೆಯುತ್ತದೆ, ನಿಜ. ಆದರೆ ಒಪ್ಪಿಗೆ ಒತ್ತಬೇಕಾದ ಮ್ಯಾನೇಜರು ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದರೆ ಶುಕ್ರವಾರದ ಪಟ್ಟಿ ಮುಂದಿನ ಶುಕ್ರವಾರಕ್ಕೆ ಹೋಯಿತು.

ಇಷ್ಟು ಬಾಗಿಲುಗಳಲ್ಲಿ ಯಾವುದೋ ಒಂದರ ಮುಂದೆ ಬಿಲ್ ನಿಂತಿದೆ. ವಾಯಿದೆ ಮುಗಿದು ನಾಲ್ಕೈದು ದಿನವಷ್ಟೇ ಆಗಿರುವಾಗ, ಕೊಡುವ ಮನಸ್ಸಿಲ್ಲದೆ ನಿಂತಿರುವ ಸಾಧ್ಯತೆಗಿಂತ ಹೀಗೆ ಎಲ್ಲೋ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಮೊದಲ ಪತ್ರ ತಗಾದೆಯ ಪತ್ರವಾಗಬೇಕಿಲ್ಲ. ಬಿಲ್ ಯಾವ ಬಾಗಿಲಲ್ಲಿ ನಿಂತಿದೆ ಎಂದು ಕೇಳಿ ತಿಳಿಯುವುದು ಅದರ ಕೆಲಸ. ಅದರ ಸೌಜನ್ಯ ಹುಟ್ಟುವುದೂ ಇಲ್ಲಿಂದಲೇ. ಎಷ್ಟು ‘ದಯವಿಟ್ಟು’ ಹಾಕಿದ್ದೀರಿ ಎಂಬುದಕ್ಕಿಂತ, ಓದುವವರು ಎರಡು ನಿಮಿಷದಲ್ಲಿ ಉತ್ತರ ಹುಡುಕಿ ಬರೆಯಲು ಬೇಕಾದದ್ದನ್ನೆಲ್ಲ ಕೈಗೆ ಕೊಟ್ಟಿದ್ದೀರಾ ಎಂಬುದು ಮುಖ್ಯ.

ಬರೆಯುವ ಮುನ್ನ ನಮ್ಮ ಕಡೆಯ ಲೆಕ್ಕ ನೋಡಿಕೊಳ್ಳಬೇಕು. ಇದಕ್ಕೆ ಹತ್ತು ನಿಮಿಷ ಸಾಕು, ತಪ್ಪಿಸಿದರೆ ಮುಖಭಂಗ ಖಚಿತ. ಹಣ ನಿಜವಾಗಿಯೂ ಬಂದಿಲ್ಲವೇ? ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ₹1,18,000 ಎಂದು ಹುಡುಕಿದರೆ ಅದು ಎಂದಿಗೂ ಸಿಗುವುದಿಲ್ಲ. ಗುತ್ತಿಗೆ ಕೆಲಸದ ಬಿಲ್ಲಿನಲ್ಲಿ ಕಂಪನಿಯವರು ಟಿಡಿಎಸ್ ಹಿಡಿದುಕೊಂಡೇ ಕೊಡುತ್ತಾರೆ. ಕೆಲಸ ಮಾಡಿದ್ದು ಒಬ್ಬರೇ ಮಾಲೀಕರಿರುವ ಘಟಕವಾದರೆ ಶೇ 1, ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆದರೆ ಶೇ 2. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರೆ ಇದನ್ನು ಹಿಡಿಯುವುದು ಕೆಲಸದ ಮೊತ್ತದ ಮೇಲೆ ಮಾತ್ರ. ನಮ್ಮ ಪೀಣ್ಯದವರಿಗೆ ₹1,00,000ದ ಮೇಲೆ ₹1,000 ಹೋಗಿ ₹1,17,000 ಬರಬೇಕು. ಅದೇ ವಾರ ಅದೇ ಕಂಪನಿಯ ಇನ್ನೊಂದು ಸಣ್ಣ ಬಿಲ್ಲೂ ಸೇರಿಕೊಂಡು ಒಂದೇ ಜಮಾ ಆಗಿದ್ದರಂತೂ ಮೊತ್ತ ಗುರುತೇ ಸಿಗದಂತೆ ಬದಲಾಗಿರುತ್ತದೆ. ಬಂದ ಹಣಕ್ಕೆ ಬರಲಿಲ್ಲ ಎಂದು ಪತ್ರ ಬರೆದವರನ್ನು ಅಕೌಂಟ್ಸ್‌ನವರು ಮರೆಯುವುದಿಲ್ಲ.

ಎರಡನೆಯದು, ವಾಯಿದೆಯನ್ನು ಎಣಿಸಿದ್ದು ಎಲ್ಲಿಂದ? ಆರ್ಡರಿನಲ್ಲಿ ‘ಬಿಲ್ ದಿನಾಂಕದಿಂದ’ ಎಂದಿದೆಯೋ ‘ಬಿಲ್ ನಮಗೆ ತಲುಪಿದ ದಿನದಿಂದ’ ಎಂದಿದೆಯೋ? ‘ಜಿಆರ್‌ಎನ್ ಆದ ದಿನದಿಂದ’ ಎಂದಿದ್ದರೆ ನಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವಾರದ ವ್ಯತ್ಯಾಸ ಬರಬಹುದು. ಅವರ ಪ್ರಕಾರ ವಾಯಿದೆಯೇ ಬಂದಿರುವುದಿಲ್ಲ.

ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಗಸ್ಟ್ 5ರ ಬಿಲ್ಲನ್ನು ನಾವು ಜಿಎಸ್‌ಟಿಗೆ ತೋರಿಸುವುದು ಜಿಎಸ್‌ಟಿಆರ್-1ರಲ್ಲಿ. ತಿಂಗಳು ತಿಂಗಳು ಸಲ್ಲಿಸುವವರಿಗೆ ಅದರ ಕೊನೆಯ ದಿನ ಸೆಪ್ಟೆಂಬರ್ 11. ಹಾಗೆ ಸಲ್ಲಿಸಿದ ಮೇಲೆ ಆ ₹18,000 ತೆರಿಗೆ ಕೊಳ್ಳುವವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು 14ಕ್ಕೆ. ಪಟ್ಟಿಯಲ್ಲಿ ಕಂಡರೆ ಮಾತ್ರ ಅವರು ಆ ತೆರಿಗೆಯನ್ನು ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದಕ್ಕೇ ಕೆಲವು ಕಂಪನಿಗಳು, ಬಿಲ್ 2ಬಿಯಲ್ಲಿ ಬರುವ ತನಕ ಜಿಎಸ್‌ಟಿಯ ಮೊತ್ತವನ್ನು ತಡೆಹಿಡಿಯುತ್ತವೆ. ಅಂದರೆ ತಿಂಗಳ ಮೊದಲ ವಾರದ ಬಿಲ್ಲಿಗೆ 30 ದಿನದ ವಾಯಿದೆ ಇದ್ದರೆ, ವಾಯಿದೆ ಬಂದ ದಿನ ಅದು ಅವರ ಪಟ್ಟಿಯಲ್ಲಿ ಇರಲು ಬಹುಮಟ್ಟಿಗೆ ಸಾಧ್ಯವೇ ಇಲ್ಲ. ನಮ್ಮ ಮಾಲೀಕರು 9ರ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ತಮ್ಮ ಆಡಿಟರಿಗೆ ಫೋನ್ ಮಾಡುವುದು: ಜಿಎಸ್‌ಟಿಆರ್-1 ಹೋಯಿತಾ, ಇಲ್ಲದಿದ್ದರೆ ಇವತ್ತೇ ಕಳಿಸಿಬಿಡಿ.

ಇಷ್ಟಾದ ಮೇಲೆ ಪತ್ರ. ಇಮೇಲ್ ಎಂದೇ ಇಟ್ಟುಕೊಳ್ಳೋಣ. ಅದರ ವಿಷಯದ ಸಾಲು ಹೀಗಿರಲಿ: ‘ಬಿಲ್ ನಂ. 47/2024-25, ₹1,18,000, ವಾಯಿದೆ 4-9-2024: ಪಾವತಿ ಯಾವ ಹಂತದಲ್ಲಿದೆ?’ ಒಳಗೆ ಇಷ್ಟು:

‘ನಮಸ್ಕಾರ ಮೇಡಂ,

ನಿಮ್ಮ ಜಿಗಣಿ ಘಟಕದ ಎರಡು ಕಂಪ್ರೆಸರ್‌ಗಳ ಸರ್ವಿಸ್‌ಗೆ ಸಂಬಂಧಿಸಿದ ನಮ್ಮ ಬಿಲ್ ನಂ. 47/2024-25, ದಿನಾಂಕ 5-8-2024, ಮೊತ್ತ ₹1,18,000. ನಿಮ್ಮ ಪರ್ಚೇಸ್ ಆರ್ಡರ್ ಪ್ರಕಾರ ಇದರ ವಾಯಿದೆ 4-9-2024. ಇವತ್ತು, 9ರ ಬೆಳಿಗ್ಗೆವರೆಗೆ ನಮ್ಮ ಖಾತೆಗೆ ಜಮಾ ಆದದ್ದು ಕಾಣಲಿಲ್ಲ.

ಹಣ ಈಗಾಗಲೇ ಕಳಿಸಿದ್ದರೆ ಯುಟಿಆರ್ ನಂಬರ್ ತಿಳಿಸಿ, ಹುಡುಕಿಕೊಳ್ಳುತ್ತೇವೆ. ಕಳಿಸಿಲ್ಲವಾದರೆ ಬಿಲ್ ಯಾವ ಹಂತದಲ್ಲಿದೆ, ಪಾವತಿಯನ್ನು ಯಾವ ದಿನ ಎದುರು ನೋಡಬಹುದು ಎಂದು ಬುಧವಾರ 11ರೊಳಗೆ ತಿಳಿಸಿದರೆ ಅನುಕೂಲ. ನಮ್ಮಿಂದ ಯಾವುದಾದರೂ ಕಾಗದ ಬೇಕಿದ್ದರೆ ಹೇಳಿ, ಅಂದೇ ಕಳಿಸುತ್ತೇವೆ.

ಬಿಲ್ಲಿನ ಪ್ರತಿ, ಪರ್ಚೇಸ್ ಆರ್ಡರಿನ ಪ್ರತಿ ಮತ್ತು ಸರ್ವಿಸ್ ರಿಪೋರ್ಟ್ ಇದರ ಜೊತೆಗಿವೆ.’

ಕೆಳಗೆ ಹೆಸರು, ಮೊಬೈಲ್ ನಂಬರ್, ಉದ್ಯಮ್ ನೋಂದಣಿ ಸಂಖ್ಯೆ. ಮುಗಿಯಿತು.

ಈ ಪತ್ರ ಸಪ್ಪೆಯಾಗಿದೆ ಎನ್ನಿಸಬಹುದು. ಸಪ್ಪೆಯಾಗಿರುವುದೇ ಸರಿ. ಓದುವವರ ಇನ್‌ಬಾಕ್ಸಿನಲ್ಲಿ ಆ ಸೋಮವಾರ ಇಂಥ ಮೂವತ್ತು ಪತ್ರ ಕೂತಿರುತ್ತವೆ. ‘ಪೇಮೆಂಟ್ ಬಗ್ಗೆ’ ಎಂದಷ್ಟೇ ಇದ್ದರೆ ತೆರೆದು, ಓದಿ, ಯಾವ ಬಿಲ್ ಎಂದು ತಿರುಗಿ ಕೇಳಬೇಕು. ಬಿಲ್ ನಂಬರ್ ತಲೆಬರಹದಲ್ಲೇ ಇದ್ದರೆ ಅದನ್ನು ಕಂಪ್ಯೂಟರಿಗೆ ಹೊಡೆದು ನೋಡಿದರಾಯಿತು. ನಂಬರನ್ನು ಬಿಲ್ಲಿನಲ್ಲಿದ್ದಂತೆಯೇ ಇಡೀ ಬರೆಯಬೇಕು. ‘47’ ಎಂದು ಮೊಟಕುಗೊಳಿಸಿದರೆ ಹೋದ ವರ್ಷದ 47 ತೆರೆದುಕೊಂಡು, ‘ಇದಾಗಲೇ ಪೇ ಆಗಿದೆ ಸರ್’ ಎಂಬ ಉತ್ತರ ಬಂದೀತು.

‘ಕಳಿಸಿದ್ದರೆ ಯುಟಿಆರ್ ತಿಳಿಸಿ’ ಎಂಬ ಸಾಲು ಸುಮ್ಮನೆ ಬಂದದ್ದಲ್ಲ. ಬ್ಯಾಂಕಿನಿಂದ ಹೋದ ಪ್ರತಿ ಪಾವತಿಗೂ ಆ ಸಂಖ್ಯೆ ಇರುತ್ತದೆ. ‘ಮಾಡಿಯಾಗಿದೆ’ ಎನ್ನುವವರು ಅದನ್ನು ಕೊಡಬಲ್ಲರು, ಮಾಡದಿದ್ದವರು ಕೊಡಲಾರರು. ಯಾರನ್ನೂ ಅನುಮಾನಿಸದೆ ನಿಜ ಹೊರಬರುತ್ತದೆ. ಜೊತೆಗೆ ತಪ್ಪು ನಮ್ಮ ಕಡೆಯೇ ಇರಬಹುದು ಎಂಬುದಕ್ಕೂ ಜಾಗ ಬಿಟ್ಟಂತಾಯಿತು, ಹಾಗಾಗಿ ಓದುವವರು ಕೈ ಬಿಗಿ ಹಿಡಿದು ಕೂರಬೇಕಿಲ್ಲ.

ದಿನ ಗೊತ್ತು ಮಾಡಿ ಕೇಳಿದ್ದಾರಲ್ಲ, ಅದು ಇಡೀ ಪತ್ರದಲ್ಲಿ ಸ್ವಲ್ಪ ಗಟ್ಟಿಯಾದ ಜಾಗ. ಆದರೂ ಬುಧವಾರದೊಳಗೆ ಕೇಳಿರುವುದು ಹಣವನ್ನಲ್ಲ, ಉತ್ತರವನ್ನು. ಹಣ ಕೊಡುವುದು ಆ ಅಕೌಂಟ್ಸ್‌ನವರ ಕೈಯಲ್ಲಿ ಇಲ್ಲದಿರಬಹುದು, ಉತ್ತರ ಕೊಡುವುದು ಇದೆ. ‘ಆದಷ್ಟು ಬೇಗ’ ಎಂದು ಬರೆದಿದ್ದರೆ ಆ ಬೇಗ ಎಂದಿಗೂ ಮುಗಿಯುವುದಿಲ್ಲ, ಮತ್ತೆ ಕೇಳಲು ನಮಗೂ ಒಂದು ದಿನ ಸಿಗುವುದಿಲ್ಲ.

ಇನ್ನು ಬರೆಯಬಾರದ್ದು. ‘ಬಹುಶಃ ಮರೆತಿರಬಹುದು’ ಎಂಬುದು ಮೃದುವಾಗಿ ಕೇಳಿಸಿದರೂ, ಓದುವ ಗುಮಾಸ್ತೆಗೆ ಅದು ಆರೋಪವೇ. ಬಿಲ್ ಅವರ ತನಕ ಬಂದೇ ಇಲ್ಲದಿರುವಾಗ ಮರೆತದ್ದು ಹೇಗೆ? ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’ ಎಂದು ಶುರುಮಾಡಿದರೆ ದುಡಿದ ದುಡ್ಡು ಕೇಳುವುದೇ ತಪ್ಪು ಎಂದು ನಾವೇ ಒಪ್ಪಿಕೊಂಡಂತೆ. ‘ಹಬ್ಬ ಬಂತು, ಹುಡುಗರಿಗೆ ಸಂಬಳ ಕೊಡಬೇಕು’ ಎಂಬುದು ನಿಜವೇ ಇರಬಹುದು. ಆದರೆ ಇದನ್ನು ಐದನೇ ದಿನವೇ ಖರ್ಚು ಮಾಡಿಬಿಟ್ಟರೆ ನಿಜವಾದ ಇಕ್ಕಟ್ಟಿನಲ್ಲಿ ಹೇಳಲು ಏನೂ ಉಳಿಯದು. ಇನ್ನು ನಮ್ಮ ಕಚೇರಿಗಳ ಅಚ್ಚುಮೆಚ್ಚಿನ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’. ಯಾವ ಕ್ರಮ, ಯಾರು ಕೈಗೊಳ್ಳಬೇಕು ಎಂದು ಬರೆದವರಿಗೂ ಗೊತ್ತಿರುವುದಿಲ್ಲ, ಓದಿದವರಿಗೂ ತಿಳಿಯುವುದಿಲ್ಲ. ಅದನ್ನು ಕಂಡು ಬೆಚ್ಚಿದ ಕಚೇರಿ ಈ ತನಕ ಇದ್ದಂತಿಲ್ಲ.

ಬ್ಯಾಂಕ್ ಖಾತೆ ಬದಲಾಗಿದ್ದರೆ ಆ ಸುದ್ದಿಯನ್ನೂ ಈ ಪತ್ರದಲ್ಲಿ ಸೇರಿಸಬಾರದು. ‘ಹಳೆಯ ಬಾಕಿಯನ್ನು ಈ ಹೊಸ ಖಾತೆಗೆ ಹಾಕಿ’ ಎಂಬ ಇಮೇಲ್ ವಂಚಕರ ಬಹಳ ಬಳಕೆಯಲ್ಲಿರುವ ದಾರಿ. ಎಚ್ಚರದ ಅಕೌಂಟ್ಸ್‌ನವರು ಅಂಥದ್ದನ್ನು ಕಂಡ ಕೂಡಲೇ ಪಾವತಿಯನ್ನೇ ನಿಲ್ಲಿಸಿ ವಿಚಾರಣೆಗೆ ಕೂರುತ್ತಾರೆ. ಖಾತೆ ಬದಲಾವಣೆಗೆ ಬೇರೆ ಕಾಗದ, ರದ್ದು ಮಾಡಿದ ಚೆಕ್, ಬೇರೆ ದಿನ.

ಬಡ್ಡಿಯ ಮಾತು? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಣ್ಣ ಉದ್ಯಮದವರ ಕೈಯಲ್ಲಿ ಕಾನೂನಿನ ಬಲ ನಿಜವಾಗಿಯೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬರಬೇಕಾದ ಹಣವನ್ನು ಲಿಖಿತವಾಗಿ ಒಪ್ಪಿದ ದಿನದೊಳಗೆ ಕೊಡಬೇಕು. ಒಪ್ಪಂದದಲ್ಲಿ 60 ದಿನ, 90 ದಿನ ಎಂದು ಬರೆದುಕೊಂಡಿದ್ದರೂ 45 ದಿನ ದಾಟುವಂತಿಲ್ಲ. ಆ 45ನ್ನು ಎಣಿಸುವುದು ಮಾಲು ಅಥವಾ ಕೆಲಸವನ್ನು ಒಪ್ಪಿಕೊಂಡ ದಿನದಿಂದ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವಂತೆ. 2024ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ದರ ಶೇ 6.75 ಇತ್ತು. ಮೂರು ಪಟ್ಟು ಎಂದರೆ ಶೇ 20.25. ಕೇಳಲು ಭರ್ಜರಿಯಾಗಿದೆ.

ಈಗ ₹1,18,000ಕ್ಕೆ ಐದು ದಿನದ ಬಡ್ಡಿ ಲೆಕ್ಕ ಹಾಕಿ. ವರ್ಷಕ್ಕೆ ₹23,895, ದಿನಕ್ಕೆ ₹65 ಚಿಲ್ಲರೆ, ಐದು ದಿನಕ್ಕೆ ಸುಮಾರು ₹327. ಈ ₹327ರ ಆಸೆಗೆ ಮೊದಲ ಪತ್ರದಲ್ಲೇ ಕಾಯ್ದೆಯ ಕಲಂ ಎತ್ತಿದರೆ, ಅಕೌಂಟ್ಸ್‌ನವರು ಪತ್ರವನ್ನು ತಾವು ಉತ್ತರಿಸದೆ ಮೇಲಿನವರಿಗೆ ದಾಟಿಸುತ್ತಾರೆ, ಮೇಲಿನವರು ಕಾನೂನು ವಿಭಾಗಕ್ಕೆ ದಾಟಿಸುತ್ತಾರೆ. ಎರಡು ಸಹಿಯಲ್ಲಿ ಮುಗಿಯಬಹುದಾದದ್ದಕ್ಕೆ ಆರು ಸಹಿ ಬೇಕಾಗುತ್ತದೆ. ಕಲಂಗೆ ಅದರದೇ ಕಾಲವಿದೆ. 45ನೇ ದಿನ ದಾಟಿ, ಎರಡು ಪತ್ರಗಳಿಗೂ ಉತ್ತರ ಬಾರದಿದ್ದಾಗ ಅದು ಬರಲಿ. ಆಗಲೂ ಹಣ ಬರದಿದ್ದರೆ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲಿಗೆ ದೂರು ಕೊಡುವ ದಾರಿಯಿದೆ.

ಆದರೆ ಏನೂ ಹೇಳದೆ ಹೇಳುವ ಒಂದು ಉಪಾಯವಿದೆ, ಅದು ಸಹಿಯ ಕೆಳಗಿನ ಉದ್ಯಮ್ ಸಂಖ್ಯೆ. 2023-24ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂತು. ಲೆಕ್ಕಿಗರ ಬಾಯಲ್ಲಿ ಅದು ‘43ಬಿ ಎಚ್’. ಅತಿಸಣ್ಣ, ಸಣ್ಣ ಉದ್ಯಮದ ಬಿಲ್ಲನ್ನು ಮೇಲೆ ಹೇಳಿದ ಗಡುವಿನೊಳಗೆ ಕೊಡದೆ, ವರ್ಷ ಮುಗಿದರೂ ಬಾಕಿ ಉಳಿಸಿಕೊಂಡರೆ, ಆ ಖರ್ಚನ್ನು ಕೊಳ್ಳುವವರು ಆ ವರ್ಷ ತಮ್ಮ ಆದಾಯದಲ್ಲಿ ಕಳೆದುಕೊಳ್ಳುವಂತಿಲ್ಲ. ಹಣ ಕೊಟ್ಟ ವರ್ಷವೇ ಕಳೆಯಬೇಕು. ಇದು ಬಂದ ಮೇಲೆ ಕಂಪನಿಗಳು ತಮ್ಮ ಸರಬರಾಜುದಾರರ ಪಟ್ಟಿಯಲ್ಲಿ ಯಾರು ಎಂಎಸ್‌ಎಂಇ ಎಂದು ಗುರುತು ಹಾಕಿಕೊಳ್ಳಲು ಓಡಾಡಿದವು. ಉದ್ಯಮ್ ಸಂಖ್ಯೆ ಕಂಡ ಅಕೌಂಟ್ಸ್‌ನವರಿಗೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಕೊಂಡು ಮಾರುವ ವ್ಯಾಪಾರಸ್ಥರೂ ಉದ್ಯಮ್ ನೋಂದಣಿ ಮಾಡಿಸಬಹುದಾದರೂ, ಅವರಿಗೆ ಅದರಿಂದ ಸಿಗುವುದು ಬ್ಯಾಂಕ್ ಸಾಲದ ಆದ್ಯತೆ ಮಾತ್ರ, ಈ 45 ದಿನದ ರಕ್ಷಣೆ ಇಲ್ಲ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಇದೆ.

ಪತ್ರ ಯಾರಿಗೆ? ‘ಟು’ ಜಾಗದಲ್ಲಿ ಅಕೌಂಟ್ಸ್‌ನಲ್ಲಿ ಬಿಲ್ ನೋಡುವವರು, ‘ಸಿಸಿ’ಯಲ್ಲಿ ಆರ್ಡರ್ ಕೊಟ್ಟ ಪರ್ಚೇಸ್‌ನವರು. ಕಾರ್ಖಾನೆಯ ಮಾಲೀಕರನ್ನೋ ಜನರಲ್ ಮ್ಯಾನೇಜರನ್ನೋ ಸೇರಿಸಿದರೆ ಮೊದಲ ಪತ್ರವೇ ಚಾಡಿಯಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕೇ? ಬಹಳಷ್ಟು ಕಂಪನಿಗಳ ವ್ಯವಹಾರ ಇಂಗ್ಲಿಷಿನಲ್ಲೇ ನಡೆಯುವುದರಿಂದ ಅಲ್ಲಿ ಅದೇ ಸರಿ. ಅತ್ತ ಕನ್ನಡ ಬಲ್ಲವರಿದ್ದು, ಮಾತುಕತೆ ಕನ್ನಡದಲ್ಲೇ ನಡೆದಿದ್ದರೆ ಮೇಲಿನಂತೆ ಕನ್ನಡದಲ್ಲೇ ಬರೆದು ಅಂಕಿಗಳನ್ನು ಬಿಲ್ಲಿನಲ್ಲಿದ್ದಂತೆ ಇಟ್ಟರೆ ಸಾಕು.

ಪತ್ರ ಹಾಕಿ ಕೈಕಟ್ಟಿ ಕೂರುವಂತೆಯೂ ಇಲ್ಲ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಒಂದು ಫೋನ್ ಮಾಡಬೇಕು. ಆ ಮಾತುಕತೆ ಹೆಚ್ಚೂಕಡಿಮೆ ಹೀಗೆ ಸಾಗುತ್ತದೆ:

‘ನಮಸ್ಕಾರ ಮೇಡಂ, ಪೀಣ್ಯದಿಂದ, ಕಂಪ್ರೆಸರ್ ಸರ್ವಿಸ್‌ನವರು. ಊಟ ಆಯ್ತಾ?’

‘ಆಯ್ತು ಸರ್, ಹೇಳಿ.’

‘ಬೆಳಿಗ್ಗೆ ಒಂದು ಮೇಲ್ ಹಾಕಿದ್ದೆ, ನಲವತ್ತೇಳನೇ ಬಿಲ್ಲಿಂದು. ಅದೆಲ್ಲಿದೆ ಅಂತ ಒಂಚೂರು ನೋಡಿ ಹೇಳ್ತೀರಾ?’

‘ಇರಿ, ನೋಡ್ತೀನಿ... ಬುಕ್ಕೇ ಆಗಿಲ್ವಲ್ಲ ಸರ್. ಸರ್ವಿಸ್ ಎಂಟ್ರಿ ಇಲ್ಲ.’

‘ರಿಪೋರ್ಟ್ ಕೊಟ್ಟಿದ್ವಲ್ಲ ಮೇಡಂ?’

‘ಕೊಟ್ಟಿದೀರ. ಒಂದು ಮಿಷಿನ್‌ಗೆ ಸೈನ್ ಇದೆ, ಇನ್ನೊಂದಕ್ಕಿಲ್ಲ. ಅದಿಲ್ದೆ ಮೇಂಟೆನೆನ್ಸ್‌ನವ್ರು ಎಂಟ್ರಿ ಮಾಡಲ್ಲ.’

‘ಸರಿ ಬಿಡಿ, ನಾಳೆ ಬೆಳಿಗ್ಗೆ ಹುಡುಗನ್ನ ಕಳಿಸಿ ಸೈನ್ ಮಾಡಿಸ್ತೀನಿ. ನಾಳೆ ಎಂಟ್ರಿ ಆದ್ರೆ ಈ ಶುಕ್ರವಾರದ ಪೇಮೆಂಟಿಗೆ ಸೇರುತ್ತಾ?’

‘ಬುಧವಾರದೊಳಗೆ ಬುಕ್ ಆದ್ರೆ ಸೇರುತ್ತೆ. ಆದ್ರೆ ಜಿಎಸ್‌ಟಿ 2ಬಿಗೆ ಬಂದ್ಮೇಲೇನೇ ಸರ್.’

ಎರಡು ನಿಮಿಷದ ಮಾತು. ಆಗಸ್ಟ್ 2ರ ಸಂಜೆ ಎರಡನೇ ಕಂಪ್ರೆಸರ್ ಓಡಿಸಿ ತೋರಿಸುವ ಹೊತ್ತಿಗೆ ಶಿಫ್ಟ್ ಬದಲಾಗಿ ಎಂಜಿನಿಯರ್ ಹೊರಟುಹೋಗಿದ್ದರು. ಹುಡುಗ ರಿಪೋರ್ಟನ್ನು ಹಾಗೇ ಗೇಟಿನಲ್ಲಿ ಕೊಟ್ಟು ಬಂದ. ಒಂದು ತಿಂಗಳು ಬಿಲ್ ನಿಂತದ್ದು ಆ ಒಂದು ಸಹಿಗೆ. ಮಾಲೀಕರು ಇನ್ನೂ ಮೂರು ವಾರ ಸುಮ್ಮನಿದ್ದಿದ್ದರೆ ಅದು ಇನ್ನೂ ಮೂರು ವಾರ ಅಲ್ಲೇ ನಿಲ್ಲುತ್ತಿತ್ತು. ಯಾರ ಪಟ್ಟಿಯಲ್ಲೂ ಇಲ್ಲದ ಬಿಲ್ಲನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಫೋನಿಟ್ಟ ಮೇಲೆ ಅದೇ ಇಮೇಲಿಗೆ ಎರಡು ಸಾಲಿನ ಉತ್ತರ ಬರೆಯಬೇಕು: ‘ಮಾತಾಡಿದಂತೆ, ಸಹಿಯಾದ ರಿಪೋರ್ಟನ್ನು ನಾಳೆ 10ರಂದು ತಲುಪಿಸುತ್ತೇವೆ. ಬುಧವಾರದೊಳಗೆ ಬುಕ್ ಆದರೆ 13ರ ಪಾವತಿಗೆ ಸೇರುತ್ತದೆ ಎಂದು ತಿಳಿಸಿದ್ದೀರಿ, ಧನ್ಯವಾದ.’ ಫೋನಿನ ಮಾತು ಗಾಳಿಗೆ ಹೋಗದಂತೆ ಕಾಗದಕ್ಕೆ ಇಳಿಯಿತು. ನಾಳೆ ಆ ಮೇಡಂ ರಜೆ ಹಾಕಿದರೂ ಅವರ ಜಾಗದಲ್ಲಿ ಕೂತವರಿಗೆ ವಿಷಯ ಗೊತ್ತಾಗುತ್ತದೆ.

ಎಲ್ಲ ಉತ್ತರಗಳೂ ಇಷ್ಟು ಸಲೀಸಾಗಿ ಬರುವುದಿಲ್ಲ. ಹೆಚ್ಚು ಸಿಗುವ ಉತ್ತರ ‘ಪ್ರೋಸೆಸ್‌ನಲ್ಲಿದೆ’. ಬಿಲ್ ನಿಜಕ್ಕೂ ಶುಕ್ರವಾರದ ಪಟ್ಟಿಯಲ್ಲಿದ್ದರೂ ಇದನ್ನೇ ಹೇಳುತ್ತಾರೆ, ಡ್ರಾಯರಿನಲ್ಲಿದ್ದರೂ ಇದನ್ನೇ ಹೇಳುತ್ತಾರೆ. ಎರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ‘ಬುಕ್ ಆಗಿದೆಯಾ ಮೇಡಂ? ವೋಚರ್ ನಂಬರ್ ಏನು?’ ಬುಕ್ ಆದ ಬಿಲ್ಲಿಗೆ ನಂಬರ್ ಇರುತ್ತದೆ. ಇದ್ದರೆ ಉಳಿದದ್ದು ದಿನದ ಪ್ರಶ್ನೆ ಮಾತ್ರ. ಇಲ್ಲದಿದ್ದರೆ ಹಿಂದಿನ ಬಾಗಿಲಿಗೆ ಹೋಗಿ ತಟ್ಟಬೇಕು. ‘ಫಂಡ್ಸ್ ಬಂದಿಲ್ಲ ಸರ್, ನಮ್ಮ ಕಸ್ಟಮರ್ ಕೊಟ್ಟ ಮೇಲೆ ಕೊಡ್ತೀವಿ’ ಎಂದರೆ ಮಾತು ಬೇರೆ. ಆಗ ಸಿಕ್ಕಿಕೊಂಡಿರುವುದು ಕಾಗದವಲ್ಲ, ಹಣ. ಅಲ್ಲಿಗೆ ವಿಚಾರಿಸುವ ಪತ್ರದ ಕೆಲಸ ಮುಗಿಯಿತು. ಎಷ್ಟು, ಯಾವ ದಿನ ಎಂದು ಲಿಖಿತವಾಗಿ ಪಡೆಯಬೇಕು, ಮುಂದಿನ ಕೆಲಸಕ್ಕೆ ಮುಂಗಡ ಕೇಳಬೇಕು. ‘ಕೆಲಸದಲ್ಲಿ ದೋಷವಿದೆ’ ಎಂದು ಈಗ ಹೇಳಿದರೆ, ಯಾವಾಗ ಲಿಖಿತವಾಗಿ ತಿಳಿಸಿದ್ದರು ಎಂದು ನೋಡಿಕೊಳ್ಳಬೇಕು. ಕೆಲಸ ಮುಗಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿಕೊಂಡಂತೆಯೇ ಎಂದು ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಪ್ರತಿ ಸಲವೂ ಎರಡು ತಿಂಗಳು ಎಳೆಯುವ ಪಾರ್ಟಿಗೆ ಈ ಮೃದು ಪತ್ರ ಬರೆಯುವುದು ಶಾಯಿ ದಂಡ. ಅಂಥವರಿಗೆ ವಾಯಿದೆಗೆ ಒಂದು ವಾರ ಮುಂಚೆಯೇ ‘ಬಿಲ್ ಬುಕ್ ಆಗಿದೆಯೇ’ ಎಂದು ಕೇಳಬೇಕು. ಹಾಗೆ ನೋಡಿದರೆ ಒಳ್ಳೆಯ ಪಾರ್ಟಿಗೂ ಆ ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಮಾಲೀಕರು ಆಗಸ್ಟ್ 28ರಂದೇ ಕೇಳಿದ್ದರೆ ಆ ಸಹಿ ಅಂದೇ ಸಿಗುತ್ತಿತ್ತು.

ಅವರ ಬಿಲ್ಲಿನ ಉಳಿದ ಲೆಕ್ಕ ಹೀಗೆ. ಮಂಗಳವಾರ ಸಹಿಯಾಯಿತು, ಬುಧವಾರ ಬುಕ್ ಆಯಿತು, 13ರ ಶುಕ್ರವಾರ ಸಂಜೆ ₹99,000 ಜಮಾ. ಅಂದರೆ ಕೆಲಸದ ಒಂದು ಲಕ್ಷದಲ್ಲಿ ಸಾವಿರ ರೂಪಾಯಿ ಟಿಡಿಎಸ್ ಕಳೆದು. ಉಳಿದ ₹18,000 ಜಿಎಸ್‌ಟಿ 14ಕ್ಕೆ 2ಬಿಯಲ್ಲಿ ಕಾಣಿಸಿಕೊಂಡು, ಮುಂದಿನ ಶುಕ್ರವಾರ 20ರಂದು ಬರಬೇಕು. ಆಗಸ್ಟ್ ತಿಂಗಳ ಜಿಎಸ್‌ಟಿಯನ್ನು ಇವರು ಸರ್ಕಾರಕ್ಕೆ ಕಟ್ಟಲು ಕೊನೆಯ ದಿನವೂ ಅದೇ 20. ಕಾರ್ಖಾನೆಯ ಪಾವತಿ ಹೊರಡುವುದು ಸಂಜೆ, ಹಾಗಾಗಿ ಅಂದು ಬೆಳಿಗ್ಗೆ ಆ ಹದಿನೆಂಟು ಸಾವಿರವನ್ನು ಅವರು ಶುಕ್ರವಾರ ಬಂದ ತೊಂಬತ್ತೊಂಬತ್ತರಿಂದಲೇ ಎತ್ತಿ ಕಟ್ಟಿದರು.